ಬೇಡವೆಂದು ಹೇಳಿ ಕಳಿಸಿದ್ದರೂ ಹೊಣೆ ತಪ್ಪದು

«ಮೈಸೂರಿನಲ್ಲಿ ನನ್ನ ಎಲೆಕ್ಟ್ರಿಕಲ್ ಅಂಗಡಿ ಇದೆ. ಕುವೆಂಪುನಗರದ ಮನೆಯೊಂದಕ್ಕೆ ಫ್ಯಾನ್ ಹಾಕಲು ಹುಡುಗನನ್ನು ಕಳಿಸಿದ್ದೆ. ತುಕ್ಕು ಹಿಡಿದ ಕೊಕ್ಕೆಗೆ ಹಾಕಬೇಡ ಎಂದಿದ್ದೆ, ಹಾಕಿಬಿಟ್ಟ. ಫ್ಯಾನ್ ಬಿದ್ದು ಅಜ್ಜಿಯ ಭುಜ ಮುರಿಯಿತು. ಹಣ ನಾನು ಕೊಡಬೇಕೇ?»

ಕೊಡಬೇಕಾಗುತ್ತದೆ ಸರ್. ನೀವು ಹೇಳಿದ್ದು ಕೆಲಸವನ್ನು ಹೇಗೆ ಮಾಡಬೇಕು ಎಂಬುದರ ಬಗ್ಗೆ. ಕೆಲಸ ಮಾತ್ರ ನಿಮ್ಮದೇ. ಒಪ್ಪಿಸಿದ ಕೆಲಸವನ್ನು ತಪ್ಪು ರೀತಿಯಲ್ಲಿ ಮಾಡಿದರೂ ಅದು ಉದ್ಯೋಗದ ವ್ಯಾಪ್ತಿಯೊಳಗೇ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ 1862ರಲ್ಲೇ ಇದು ತೀರ್ಮಾನವಾಗಿದೆ: ಬೇರೆ ಕಂಪನಿಯ ಬಂಡಿಗೆ ಅಡ್ಡ ಹೋಗಬಾರದೆಂದು ಲಿಖಿತ ಆದೇಶವಿದ್ದರೂ ಚಾಲಕ ಅಡ್ಡ ಹಾಕಿದ, ಕಂಪನಿಯೇ ಹೊಣೆಯಾಯಿತು. ಹುಡುಗ ದಿನಗೂಲಿಯವನು ಎಂಬ ಮಾತೂ ನಿಮ್ಮನ್ನು ಕಾಯುವುದಿಲ್ಲ. ಯಾರ ಆದೇಶದಂತೆ ಯಾರ ಕೆಲಸಕ್ಕೆ ಹೋಗಿದ್ದ ಎಂಬುದೇ ಮುಖ್ಯ.

ಅದೇ ಹುಡುಗ ನಿಮಗೆ ತಿಳಿಸದೆ, ಪಕ್ಕದ ಮನೆಯವರಿಂದ ಇನ್ನೂರು ರೂಪಾಯಿ ಪಡೆದು ಅವರ ಮಿಕ್ಸಿ ಬಿಚ್ಚಿ ಕೆಡಿಸಿದ್ದರೆ ಮಾತು ಬೇರೆ. ಅದು ಅವನ ಸ್ವಂತ ವ್ಯವಹಾರ. 1978ರಲ್ಲಿ ಸುಪ್ರೀಂ ಕೋರ್ಟ್, ಗೆಳೆಯನೆಂಬ ನಂಬಿಕೆಯಿಂದ ಬ್ಯಾಂಕ್ ನೌಕರನ ಕೈಗೆ ಕೊಟ್ಟ ಹಣವನ್ನು ಅವನು ನುಂಗಿದಾಗ, ಬ್ಯಾಂಕ್ ಹೊಣೆಯಲ್ಲ ಎಂದಿತು.

ಅಜ್ಜಿಯ ಮನೆಯವರು ನಿಮ್ಮಿಬ್ಬರ ಮೇಲೂ ದಾವೆ ಹೂಡಬಹುದು, ಸೇವೆಗೆ ದುಡ್ಡು ಪಡೆದಿದ್ದರಿಂದ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಆಯೋಗಕ್ಕೆ ದೂರು ಕೊಡಲು ಅವಧಿ ಎರಡು ವರ್ಷ. ಆದ್ದರಿಂದ ಇವತ್ತೇ ಆಸ್ಪತ್ರೆಗೆ ಹೋಗಿ ಅಜ್ಜಿಯನ್ನು ನೋಡಿ ಬನ್ನಿ. ಬಿಲ್ಲುಗಳ ಪ್ರತಿ ಪಡೆಯಿರಿ, ಕೊಡುವ ಹಣಕ್ಕೆ ರಸೀದಿ ಬರೆಸಿಕೊಳ್ಳಿ. ಮುರಿದ ಕೊಕ್ಕೆಯನ್ನು ಯಾರೂ ಎಸೆಯದಂತೆ ನೋಡಿಕೊಳ್ಳಿ, ಅದರ ಫೋಟೋ ತೆಗೆದಿಡಿ.