ಓಟಕ್ಕೂ ಗಣಿತಕ್ಕೂ ನಡುವಿನ ಖಾಲಿ ಪುಟಗಳು

"ಮಾನ್ಯ ಸಂಪಾದಕರೇ, ಹತ್ತನೇ ತರಗತಿಯಲ್ಲಿರುವ ನನ್ನ ಮಗಳು 1500 ಮೀಟರ್ ಓಡುತ್ತಾಳೆ. ವಾರಕ್ಕೆ ಆರು ದಿನ ಅಭ್ಯಾಸ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಅಂಕ ಕುಸಿದಿದೆ. ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಓಟ ಬಿಡಿಸಿಬಿಡಲೇ?
— ಒಬ್ಬ ತಂದೆ, ಕಲಬುರಗಿ"

ನಿಮ್ಮ ಆತಂಕ ಸುಳ್ಳಲ್ಲ, ಆ ಅಂಕಪಟ್ಟಿಯನ್ನು ಮುಂದೆ ಎಲ್ಲರೂ ಕೇಳುತ್ತಾರೆ. ಆದರೆ ಬೂಟು ಕಿತ್ತಿಡುವ ಮೊದಲು ಮಗಳ ಗಣಿತದ ನೋಟ್‌ಬುಕ್ ತೆರೆದು ನೋಡಿದ್ದೀರಾ?

ನನ್ನ ತಂಗಿಯ ಮಗಳೂ ಓಟಗಾರ್ತಿಯೇ. ಅವಳ ಅಂಕ ಬಿದ್ದಾಗ ಉತ್ತರ ಪತ್ರಿಕೆಯನ್ನೂ ನೋಟ್‌ಬುಕ್ಕನ್ನೂ ಅಂಗಳದಲ್ಲಿ ಹರಡಿಕೊಂಡು ಕುಳಿತೆವು. ಸಮಾಂತರ ಶ್ರೇಢಿಯ ಲೆಕ್ಕಗಳೆಲ್ಲ ಸರಿ. ತಪ್ಪುಗಳೆಲ್ಲ ತ್ರಿಭುಜಗಳ ಪಾಠದಲ್ಲಿ. ನೋಟ್‌ಬುಕ್ಕಿನಲ್ಲಿ ಆ ಪಾಠ ಬರುವಲ್ಲಿ 'ಆಮೇಲೆ ಬರೆಯಬೇಕು' ಎಂದು ಬಿಟ್ಟ ನಾಲ್ಕು ಖಾಲಿ ಪುಟಗಳಿದ್ದವು. ಅವು ತಾಲ್ಲೂಕು, ಜಿಲ್ಲಾ ಕ್ರೀಡಾಕೂಟಗಳ ದಿನಗಳು. ಥೇಲ್ಸ್ ಪ್ರಮೇಯವನ್ನು ಆಗಲೇ ಬಿಡಿಸಿದ್ದರು. ಅದು ಕೈಗೆ ಹತ್ತದೆ ಸಮರೂಪ ತ್ರಿಭುಜಗಳ ಮುಂದಿನ ಲೆಕ್ಕ ಒಂದೂ ಹತ್ತುವುದಿಲ್ಲ. ಅಂದರೆ ಅವಳ ಅಂಕ ನುಂಗಿದ್ದು ಬೆಳಗಿನ ಓಟವಲ್ಲ, ತಪ್ಪಿದ ತರಗತಿಗಳು. ಮೇಷ್ಟ್ರು ಎರಡು ಭಾನುವಾರ ಕೂರಿಸಿಕೊಂಡು ಹೇಳಿಕೊಟ್ಟರು, ಪುಟಗಳು ತುಂಬಿದವು.

ಇನ್ನು ಓಟದ ಮಾತು. ಪೂರ್ತಿ ನಿಲ್ಲಿಸಿದರೆ ಎರಡು ಮೂರು ವಾರಗಳಲ್ಲೇ ದಮ್ಮು ಇಳಿಯತೊಡಗುತ್ತದೆ. ಕಡಿಮೆ ಮಾಡುವ ದಾರಿ ಬೇರೆ ಇದೆ. ಅಮೆರಿಕದ ವ್ಯಾಯಾಮ ವಿಜ್ಞಾನಿ ರಾಬರ್ಟ್ ಹಿಕ್ಸನ್ ಅವರು 1981ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಾರಕ್ಕೆ ಆರು ದಿನ ಕಠಿಣ ಅಭ್ಯಾಸ ಮಾಡಿದವರು ಅದನ್ನು ಎರಡು ದಿನಕ್ಕೆ ಇಳಿಸಿದರೂ 15 ವಾರ ದಮ್ಮು ಉಳಿಸಿಕೊಂಡರು. ಆದರೆ ಮುಂದೆ 1985ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಿನಗಳನ್ನು ಹಾಗೆಯೇ ಇಟ್ಟು ಬಿರುಸನ್ನು ಮಾತ್ರ ತಗ್ಗಿಸಿದಾಗ ದಮ್ಮು ಕುಸಿಯಿತು. ಅವರೆಲ್ಲ ವಯಸ್ಕರು, ಮಕ್ಕಳ ಮೇಲೆ ಅದೇ ಲೆಕ್ಕವನ್ನು ಅಕ್ಷರಶಃ ಹೇರಬಾರದು. ಆದರೂ ದಿಕ್ಕು ಸ್ಪಷ್ಟ: ದಿನ ಕಡಿಮೆಯಾಗಲಿ, ವೇಗ ಕಡಿಮೆಯಾಗದಿರಲಿ.

ಹಾಗಾಗಿ ಪರೀಕ್ಷೆಯವರೆಗೆ ಮಂಗಳವಾರ ಮತ್ತು ಶನಿವಾರ ಮಾತ್ರ ಓಡಿಸಿ. ಹತ್ತು ನಿಮಿಷ ನಿಧಾನದ ಓಟ, ಆಮೇಲೆ ಸ್ಪರ್ಧೆಯ ವೇಗದಲ್ಲಿ ನಾಲ್ಕು ಬಾರಿ 400 ಮೀಟರ್, ನಡುವೆ ಮೂರು ನಿಮಿಷ ವಿರಾಮ. ಪ್ರತಿ ಸುತ್ತಿನ ಸಮಯ ಬರೆದಿಡಿ. ನಾಲ್ಕನೇ ಸುತ್ತು ವಾರದಿಂದ ವಾರಕ್ಕೆ ಹಿಂದೆ ಬೀಳುತ್ತಿದ್ದರೆ ಮೊದಲು ಅವಳ ನಿದ್ದೆ ವಿಚಾರಿಸಿ. ಈ ವಯಸ್ಸಿಗೆ ಎಂಟು ಗಂಟೆಗೆ ಕಡಿಮೆಯಾಗಬಾರದು. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ, ಮಾರ್ಚಿನಲ್ಲಿ ಏಳು ಗಂಟೆಯೊಳಗೆ ಮೈದಾನದಿಂದ ಮನೆಗೆ ಬಂದಿರಲಿ.

2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ ಬಂದಿತು. ಇಂಥ ಸುದ್ದಿ ಬಂದ ಕೂಡಲೇ ಆಟದ ಅವಧಿಯನ್ನು ಗಣಿತಕ್ಕೆ ಕೊಡುವ ಶಾಲೆಗಳನ್ನು ನಾನು ಕಂಡಿದ್ದೇನೆ. ಮಗು ಪದಕ ತಂದಾಗ ಪ್ರಾರ್ಥನೆಯ ಹೊತ್ತಿನಲ್ಲಿ ಚಪ್ಪಾಳೆ ಹೊಡೆಸುತ್ತಾರೆ, ಅದೇ ಮಗುವನ್ನು ಸಂಜೆ ಅರ್ಧ ಗಂಟೆ ಕೂರಿಸಿಕೊಂಡು ತಪ್ಪಿದ ಪ್ರಮೇಯ ಹೇಳಿಕೊಡುವವರು ಯಾರೂ ಇರುವುದಿಲ್ಲ. ನನ್ನ ಸಿಟ್ಟು ಅಲ್ಲಿದೆ. ಕ್ರೀಡಾಕೂಟಕ್ಕೆ ಮಗುವನ್ನು ಕಳುಹಿಸುವ ಪತ್ರದಲ್ಲೇ, ತಪ್ಪಿದ ಪಾಠವನ್ನು ಯಾವ ದಿನ, ಯಾರು ಮಾಡುತ್ತಾರೆ ಎಂದು ಮುಖ್ಯೋಪಾಧ್ಯಾಯರು ಬರೆದುಕೊಡಲಿ. ನೀವೇ ಹೋಗಿ ಕೇಳಿ.

ಇವತ್ತೇ ಮಗಳ ಜೊತೆ ಕುಳಿತು ಖಾಲಿ ಪುಟಗಳನ್ನು ಎಣಿಸಿ. ಎಷ್ಟಿವೆ ಎಂದು ನನಗೂ ಬರೆದು ತಿಳಿಸಿ.