ಮುತ್ತಜ್ಜನ ಹಳೇ ಫೋಟೋ, ಜಗಲಿಯ ಬೆಳಕು

ಪ್ರಶ್ನೆ: 1930ರ ಸುಮಾರಿನ ಮುತ್ತಜ್ಜನ ಸ್ಟುಡಿಯೋ ಫೋಟೋ ಹಾಳಾಗಿದೆ. ಸರಿಮಾಡಿ, ಅವರನ್ನು ಆಗಿನ ತೊಟ್ಟಿ ಮನೆ ಜಗಲಿಯಲ್ಲಿ ಕೂರಿಸಬಹುದಾ?

ಉತ್ತರ: ಕೂರಿಸಬಹುದು. ಫೋಟೋ ಗಾಜಿಗೆ ಅಂಟಿದ್ದರೆ ಕೀಳಬೇಡಿ, ಗಾಜಿನ ಸಮೇತ 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಆಮೇಲೆ ಫೋಟೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಬಿರುಕನ್ನು ಬೇರೆ ಲೇಯರಿನಲ್ಲಿ ತುಂಬಿ. ಕಣ್ಣು, ಬಾಯಿ ಅಳಿಸಿಹೋಗಿದ್ದರೆ ಅವರದೇ ಇನ್ನೊಂದು ಫೋಟೋ ನೋಡಿ ತುಂಬಬೇಕು. ಸುಮ್ನೆ ಊಹಿಸಿದರೆ ಅದು ಬೇರೆಯವರ ಮುಖವಾಗುತ್ತದೆ.

ಜಗಲಿ ಹೊಂದಿಸುವ ಮೊದಲು ಮೂಗಿನ ನೆರಳು ನೋಡಿ. ಅದು ಚಿತ್ರದ ಬಲಕ್ಕೆ ಬಿದ್ದಿದ್ದರೆ ಜಗಲಿಗೂ ಎಡದಿಂದಲೇ ಬೆಳಕು ಬರಬೇಕು. ಸ್ಟುಡಿಯೋ ಬೆಳಕು ಮೆತ್ತಗಿದ್ದರೆ ಬಿಸಿಲಿನ ಅಂಗಳ ಒಪ್ಪುವುದಿಲ್ಲ, ನೆರಳಿನ ಮೂಲೆಯೇ ಸರಿ.

ಆಗ ಜಾಸ್ತಿ ಬಳಕೆಯಲ್ಲಿದ್ದ ಆರ್ಥೊಕ್ರೊಮ್ಯಾಟಿಕ್ ಎಂಬ ಕ್ಯಾಮೆರಾ ಪ್ಲೇಟುಗಳು ಕೆಂಪನ್ನು ಹಿಡಿಯುತ್ತಿರಲಿಲ್ಲ. ಕೆಂಪು ಶಾಲು ಕಪ್ಪಾಗಿ, ನೀಲಿ ತೆಳುವಾಗಿ ಕಾಣುತ್ತಿತ್ತು. ಹಾಗಾಗಿ ಕಪ್ಪು-ಬಿಳುಪಿನಲ್ಲಿ ಜಗಲಿಯ ಕೆಂಪು ನೆಲವನ್ನೂ ಗಾಢವಾಗಿಸಿ. ಇಲ್ಲದಿದ್ದರೆ ಮುತ್ತಜ್ಜ ಅಂಟಿಸಿದ ಹಾಗೆ ಕಾಣುತ್ತಾರೆ.