ಗ್ರೈಂಡರ್ ಪುಕ್ಕಟೆ ಬಂದಿದ್ದನ್ನು ಬಾಯಿಬಿಟ್ಟೂ ಹೇಳಿ

*ಸಂಪಾದಕರೇ, ನಾನು ಅಡುಗೆ ವಿಡಿಯೊ ಮಾಡ್ತೀನಿ. ಒಂದು ಕಂಪನಿಯವರು ವೆಟ್ ಗ್ರೈಂಡರ್ ಪುಕ್ಕಟೆ ಕೊಟ್ಟು, ಮೇಲೆ 8,000 ರೂಪಾಯಿ ಕೊಡ್ತಾರಂತೆ. ಇಡ್ಲಿ ಹಿಟ್ಟಿನ ಮೇಲೆ 6 ನಿಮಿಷದ ವಿಡಿಯೊ, ಅದರಿಂದಲೇ ಕತ್ತರಿಸಿ 45 ಸೆಕೆಂಡಿನ ರೀಲ್. ಕ್ಯಾಪ್ಶನ್ ಕೊನೆಗೆ #collab ಹಾಕಿ, ಅಫಿಲಿಯೇಟ್ ಲಿಂಕ್ ಕೊಡೋಣ ಅಂದುಕೊಂಡಿದ್ದೇನೆ. ಮಾತಿನಲ್ಲೂ ಹೇಳಲೇಬೇಕಾ? ಹೇಳಿದ್ರೆ ಜನ ಸ್ಕಿಪ್ ಮಾಡ್ತಾರೆ ಅನ್ನೋ ಭಯ.*
*— ಓದುಗರೊಬ್ಬರು, ಹಾಸನ*

ಹೌದು, ಹೇಳಲೇಬೇಕು. ಇದು ನನ್ನ ಮಡಿವಂತಿಕೆ ಅಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ನಿಮ್ಮಂಥವರಿಗಾಗಿಯೇ ಒಂದು ಮಾರ್ಗದರ್ಶಿ ಹೊರಡಿಸಿತು. ವಿಡಿಯೊ ಆದರೆ ಮಾತಿನಲ್ಲೂ ಹೇಳಬೇಕು, ಪರದೆಯ ಮೇಲೂ ತೋರಿಸಬೇಕು ಅಂತ ಅದರಲ್ಲಿ ಬರೆದಿದೆ. ಹೊಗಳಿಕೆ ಯಾವ ಭಾಷೆಯಲ್ಲಿದೆಯೋ ಈ ಮಾತೂ ಅದೇ ಭಾಷೆಯಲ್ಲಿರಬೇಕು ಅಂತಲೂ ಇದೆ. ಇಡೀ ವಿಡಿಯೊ ಕನ್ನಡದಲ್ಲಿ ಮಾಡಿ, ಕೊನೆಗೆ ಇಂಗ್ಲಿಷಿನಲ್ಲಿ #collab ಅಂತ ಸಿಕ್ಕಿಸಿದರೆ ಅಲ್ಲಿಗೇ ತಪ್ಪಿತು.

ಎರಡೂ ಕಡೆ ಯಾಕೆ ಅಂದರೆ, ನಿಮ್ಮ ವಿಡಿಯೊವನ್ನು ಎಲ್ಲರೂ ಒಂದೇ ಥರ ನೋಡುವುದಿಲ್ಲ. ಬಸ್ಸಿನಲ್ಲಿ ಕೂತವರು ಸೌಂಡ್ ಆಫ್ ಮಾಡಿ ನೋಡುತ್ತಾರೆ. ಅಡುಗೆಮನೆಯಲ್ಲಿ ಇರುವವರು ಫೋನನ್ನು ಡಬ್ಬಿಗೆ ಒರಗಿಸಿಟ್ಟು, ಕೈಯಲ್ಲಿ ಹಿಟ್ಟು ಕಲಸುತ್ತಾ ಬರೀ ಕೇಳಿಸಿಕೊಳ್ಳುತ್ತಾರೆ. ಕ್ಯಾಪ್ಶನ್ ಅಂತೂ ಫೋನಿನಲ್ಲಿ ಒಂದೆರಡು ಸಾಲು ಕಂಡು ಮಡಚಿಕೊಂಡುಬಿಡುತ್ತದೆ, more ಒತ್ತಿ ಓದುವವರು ಕಡಿಮೆ. ಕೊನೆಗೆ ಬರೆದಿದ್ದು ಯಾರ ಕಣ್ಣಿಗೂ ಬೀಳಲ್ಲ.

ಈಗ ನಿಮ್ಮ ಸ್ಕ್ರಿಪ್ಟಿಗೆ ಬರೋಣ. ಗ್ರೈಂಡರ್ ಮಾತು 2ನೇ ನಿಮಿಷದಿಂದ ಮೂರೂವರೆ ನಿಮಿಷದ ತನಕ ಇದೆ ಅಂತ ಇಟ್ಟುಕೊಳ್ಳಿ. ಶುರುವಿನಲ್ಲೇ, ನಮಸ್ಕಾರ ಹೇಳಿದ ಮೇಲೆ, ಒಂದು ಸಾಲು: "ಈ ವಿಡಿಯೊ ಮಾಡೋಕೆ ಇಂಥ ಕಂಪನಿಯವರು ನನಗೆ ದುಡ್ಡು ಕೊಟ್ಟಿದ್ದಾರೆ, ಇಲ್ಲಿ ತೋರಿಸೋ ಗ್ರೈಂಡರನ್ನೂ ಅವರೇ ಕೊಟ್ಟಿದ್ದಾರೆ." ಹತ್ತು ಸೆಕೆಂಡೂ ಬೇಡ. ಆಮೇಲೆ ಗ್ರೈಂಡರ್ ಬರುವಾಗ, ಹೊಗಳೋಕೆ ಮುಂಚೆ, "ಇದು ಜಾಹೀರಾತು" ಅಂತ ಇನ್ನೊಮ್ಮೆ ಹೇಳಿ. ಮಧ್ಯದಿಂದ ನೋಡುವವರು ಶುರುವಿನ ಸಾಲು ಕೇಳಿರುವುದಿಲ್ಲವಲ್ಲ. ಹೊಗಳಿ ಮುಗಿಸಿದ ಮೇಲೆ ಹೇಳಿದರೆ ಅಷ್ಟರಲ್ಲಿ ಅವರು ಲಿಂಕ್ ಒತ್ತಿಯಾಗಿರುತ್ತದೆ. ಇನ್ನು "ಗ್ರೈಂಡರ್ ಕಳಿಸಿದ ಕಂಪನಿಯವರಿಗೆ ಥ್ಯಾಂಕ್ಸ್" ಅನ್ನುವುದುಂಟಲ್ಲ, ಅದು ಸಾಲದು. ಅದನ್ನು ಕೇಳಿದರೆ ದುಡ್ಡು ಕೈ ಬದಲಾಯಿಸಿದ್ದು ಯಾರಿಗೂ ಗೊತ್ತಾಗಲ್ಲ.

ಸ್ಕಿಪ್ ಮಾಡುವವರು ಸ್ವಲ್ಪ ಜನ ಇದ್ದೇ ಇರುತ್ತಾರೆ, ಅದನ್ನು ತಪ್ಪಿಸುವ ದಾರಿ ನನಗೂ ಗೊತ್ತಿಲ್ಲ. ಆದರೆ ನಿಂತು ಗಂಭೀರವಾಗಿ ಪ್ರಕಟಣೆ ಓದುವ ಬದಲು ಉದ್ದಿನಬೇಳೆ ತೊಳೆಯುತ್ತಾ ಹೇಳಿ, ಅಡುಗೆಯೂ ಮುಂದೆ ಹೋಗುತ್ತಿರುತ್ತದೆ.

ಪರದೆಯ ಮೇಲಿನ ಅಕ್ಷರಕ್ಕೆ ಜಾಹೀರಾತು ಉದ್ಯಮದ ಸಂಸ್ಥೆ ಆಸ್ಕಿ 2021ರಲ್ಲೇ ಲೆಕ್ಕ ಕೊಟ್ಟಿದೆ. 2 ನಿಮಿಷ ಅಥವಾ ಅದಕ್ಕಿಂತ ಉದ್ದದ ವಿಡಿಯೊ ಆದರೆ, ವಸ್ತುವಿನ ಮಾತು ನಡೆಯುವ ಅಷ್ಟೂ ಹೊತ್ತು ಅಕ್ಷರ ಇರಬೇಕು. ಅಂದರೆ ನಿಮ್ಮ ವಿಡಿಯೊದಲ್ಲಿ ಆ ಒಂದೂವರೆ ನಿಮಿಷ ಪೂರ್ತಿ 'ಜಾಹೀರಾತು' ಅಂತ ಕಾಣಿಸಬೇಕು. 15 ಸೆಕೆಂಡಿಗಿಂತ ಜಾಸ್ತಿ, 2 ನಿಮಿಷಕ್ಕಿಂತ ಕಡಿಮೆ ಇದ್ದರೆ ಮೂರನೇ ಒಂದು ಭಾಗ. ನಿಮ್ಮ 45 ಸೆಕೆಂಡಿನ ರೀಲಿಗೆ 15 ಸೆಕೆಂಡ್. ನಾನಾದರೆ ರೀಲಿನಲ್ಲಿ ಪೂರ್ತಿ ಬಿಟ್ಟುಬಿಡುತ್ತೇನೆ, ಲೆಕ್ಕ ಹಾಕುವ ತಲೆನೋವೇ ಬೇಡ. ಅಕ್ಷರವನ್ನು ಮೇಲುಗಡೆ ಇಡಿ. ರೀಲಿನ ಕೆಳಭಾಗವನ್ನು ಹೆಸರು, ಕ್ಯಾಪ್ಶನ್ ಮುಚ್ಚುತ್ತವೆ, ಬಲಗಡೆ ಲೈಕ್, ಶೇರ್ ಬಟನ್ನುಗಳಿರುತ್ತವೆ. ಇನ್ನೊಂದು ಮಾತು, ಬಿಳಿ ಇಡ್ಲಿ ಹಿಟ್ಟಿನ ಮೇಲೆ ಬಿಳಿ ಅಕ್ಷರ ಹಾಕಬೇಡಿ. ಕಪ್ಪು ಪಟ್ಟಿ ಕೊಟ್ಟು ಅದರ ಮೇಲೆ ಬರೆಯಿರಿ.

ಜಾಸ್ತಿ ಜನ ಎಡವುವುದು ರೀಲಿನಲ್ಲೇ. ಉದ್ದನೆಯ ವಿಡಿಯೊದಲ್ಲಿ ಎಲ್ಲ ಸರಿಯಾಗಿ ಹೇಳಿರುತ್ತಾರೆ. ಕತ್ತರಿಸುವಾಗ ಗ್ರೈಂಡರ್ ತಿರುಗುವುದು, ನೊರೆಹಿಟ್ಟು ಉಕ್ಕುವುದು ಉಳಿಯುತ್ತದೆ, ದುಡ್ಡಿನ ಸಾಲು ಮಾತ್ರ ಹೋಗಿರುತ್ತದೆ. ಹಾಗಾಗಿ ರೀಲಿಗೆ ಬೇರೆಯೇ ಒಂದು ಚಿಕ್ಕ ಸಾಲು ರೆಕಾರ್ಡ್ ಮಾಡಿ: "ಜಾಹೀರಾತು ಇದು, ಗ್ರೈಂಡರ್ ಕಂಪನಿ ಕೊಟ್ಟಿದ್ದು." ಎಲ್ಲ ಮುಗಿದ ಮೇಲೆ ಒಮ್ಮೆ ಸೌಂಡ್ ತೆಗೆದು ನೋಡಿ, ಇನ್ನೊಮ್ಮೆ ಫೋನನ್ನು ಬೋರಲು ಹಾಕಿ ಬರೀ ಕೇಳಿ. ಎರಡು ಸಲವೂ ವಿಷಯ ಗೊತ್ತಾದರೆ ಸರಿ.

ಯೂಟ್ಯೂಬ್ ಅಪ್‌ಲೋಡ್ ಮಾಡುವಾಗ ಪೇಯ್ಡ್ ಪ್ರಮೋಷನ್ ಅಂತ ಟಿಕ್ ಮಾಡುವ ಜಾಗ ಇದೆ, ಅದನ್ನೂ ಮಾಡಿ. ಟಿಕ್ ಮಾಡಿದರೆ ಶುರುವಿನಲ್ಲಿ 10 ಸೆಕೆಂಡ್ Includes paid promotion ಅಂತ ಬರುತ್ತದೆ. ಆದರೆ ಮೂಲೆಯಲ್ಲಿ ಬಂದು ಹೋಗುವ ಆ ಸಾಲು ನಿಮ್ಮ ಮಾತಿಗೆ ಬದಲಿ ಅಲ್ಲ.

ಇನ್ನು ಲಿಂಕು. ಇದೇ ಬೇರೆ ವಿಷಯ, ಒಂದನ್ನು ಹೇಳಿದರೆ ಇನ್ನೊಂದನ್ನು ಹೇಳಿದಂತೆ ಆಗಲ್ಲ. 8,000 ರೂಪಾಯಿ ಯಾರು ಕೊಂಡರೂ ಬಿಟ್ಟರೂ ಬರುವ ದುಡ್ಡು. ಲಿಂಕಿನದು ಜನ ಕೊಂಡಾಗ ಬರುವ ಕಮಿಷನ್, ಅಂದರೆ ಅವರು ಕೊಳ್ಳಲಿ ಅನ್ನುವ ಆಸೆ ನಿಮಗೆ ವಿಡಿಯೊ ಮುಗಿದ ಮೇಲೂ ಇರುತ್ತದೆ. ಗ್ರೈಂಡರ್ ಜೊತೆಗೆ ಇಡ್ಲಿ ಪಾತ್ರೆಗೂ ಲಿಂಕ್ ಕೊಟ್ಟರೆ, ಪಾತ್ರೆ ನೀವು ನಿಮ್ಮ ದುಡ್ಡಲ್ಲೇ ಕೊಂಡಿದ್ದರೂ ಕಮಿಷನ್ ವಿಷಯ ಹೇಳಬೇಕು. 'ಅಫಿಲಿಯೇಟ್ ಲಿಂಕ್' ಅಂತಷ್ಟೇ ಬರೆದರೆ ನಿಮ್ಮ ನೋಡುಗರಲ್ಲಿ ಎಷ್ಟು ಜನಕ್ಕೆ ಅರ್ಥವಾಗುತ್ತದೆ? ಬಾಯಲ್ಲಿ "ಕೆಳಗಿನ ಲಿಂಕಿಂದ ಕೊಂಡ್ರೆ ನನಗೆ ಕಮಿಷನ್ ಬರುತ್ತೆ" ಅನ್ನಿ. ಬರಹದಲ್ಲೂ ಅದೇ ಸಾಲು, ಲಿಂಕುಗಳ ಮೇಲೆಯೇ. ಕ್ಯಾಪ್ಶನ್ ಹೀಗಿರಲಿ:

> ಜಾಹೀರಾತು: ಈ ವಿಡಿಯೊಗೆ ಗ್ರೈಂಡರ್ ಕಂಪನಿ ದುಡ್ಡು ಮತ್ತು ಗ್ರೈಂಡರ್ ಕೊಟ್ಟಿದೆ.
> ಇಡ್ಲಿ ಹಿಟ್ಟು ಹದವಾಗಿ ರುಬ್ಬುವುದು ಹೇಗೆ...
> ಕೆಳಗಿನ ಲಿಂಕ್‌ಗಳಿಂದ ಕೊಂಡರೆ ನನಗೆ ಕಮಿಷನ್ ಸಿಗುತ್ತದೆ:

ಕಂಪನಿಯ ಹೆಸರನ್ನೇ ಬರೆಯಿರಿ. ಲಿಂಕನ್ನು ಪಿನ್ ಮಾಡಿದ ಕಾಮೆಂಟಿಗೋ ವಾಟ್ಸಾಪ್ ಸ್ಟೇಟಸ್ಸಿಗೋ ಹಾಕಿದರೆ ಆ ಸಾಲೂ ಅದರ ಜೊತೆ ಹೋಗಬೇಕು. ಅಮೆಜಾನ್ ಲಿಂಕ್ ಆದರೆ As an Amazon Associate I earn from qualifying purchases ಅನ್ನುವ ವಾಕ್ಯವನ್ನೋ ಅದೇ ಅರ್ಥದ್ದನ್ನೋ ಹಾಕಬೇಕು ಅಂತ ಅವರ ಒಪ್ಪಂದದಲ್ಲೇ ಇದೆ. "ನಿಮಗೆ ಬೆಲೆ ಜಾಸ್ತಿ ಆಗಲ್ಲ" ಅನ್ನುವುದನ್ನು ಮಾತ್ರ ನೋಡಿಕೊಂಡು ಸೇರಿಸಿ, ಅದೇ ವಸ್ತು ಬೇರೆ ಕಡೆ ಕಡಿಮೆಗೆ ಸಿಗುತ್ತಿರಬಹುದು.

ಕೊಟ್ಟವರು ಸ್ಕ್ರಿಪ್ಟ್ ನೋಡಿ ಒಪ್ಪಿದ ಮೇಲೆ "ಇದು ನನ್ನ ಸ್ವಂತ ಅಭಿಪ್ರಾಯ" ಅನ್ನಬೇಡಿ. ಎರಡು ಸಲ ರುಬ್ಬಿ ನೋಡಿದ್ದರೆ ಎರಡು ಸಲ ಅಂತಲೇ ಹೇಳಿ, ವರ್ಷಗಟ್ಟಲೆ ಬಾಳಿಕೆ ಬರುತ್ತೆ ಅನ್ನೋಕೆ ನಿಮ್ಮ ಹತ್ತಿರ ಆಧಾರ ಇಲ್ಲ. ಜನರನ್ನು ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ತಯಾರಿಸಿದವರಿಗಷ್ಟೇ ಅಲ್ಲ, ಹೊಗಳಿದವರಿಗೂ ಅದು ತಗಲುತ್ತದೆ.

ಕಂಪನಿಯವರು "ಮಾತಲ್ಲಿ ಬೇಡ ಮೇಡಂ, ಸುಮ್ನೆ ಕೆಳಗೆ ಹಾಕಿ" ಅಂದರೆ, ಮಾತಲ್ಲೂ ಹೇಳುತ್ತೇನೆ ಅಂತ ಶೂಟಿಂಗಿಗೆ ಮುಂಚೆಯೇ ಮೇಲ್ ಕಳಿಸಿ ಒಪ್ಪಿಗೆ ತರಿಸಿಕೊಳ್ಳಿ. ಒಪ್ಪದಿದ್ದರೆ ಗ್ರೈಂಡರ್ ವಾಪಸ್ ಕಳಿಸಿ. ಹಿಂದೆ ಹೀಗೇ ಮಾಡಿದ ವಿಡಿಯೊಗಳಿದ್ದರೆ ಅವುಗಳ ಮಾತನ್ನು ಬದಲಾಯಿಸುವುದು ಕಷ್ಟ. ಆದರೆ ಟಿಕ್ ಹಾಕಬಹುದು, ಕ್ಯಾಪ್ಶನ್ನಿನ ಮೊದಲ ಸಾಲು ತಿದ್ದಬಹುದು, ಒಂದು ಕಾಮೆಂಟ್ ಬರೆದು ಪಿನ್ ಮಾಡಬಹುದು. ಈಗಲೂ ಜನ ನೋಡುತ್ತಿರುವ ವಿಡಿಯೊಗಳಿಂದ ಶುರು ಮಾಡಿ.